ನೋಟ್ಸ್‌ನಲ್ಲಿಲ್ಲದ ನಾಲ್ಕು ಅಂಕ

ನಮ್ಮ ಶಾಲೆಯ ಪೌರನೀತಿ ಟೀಚರನ್ನು ಮಕ್ಕಳು ಬೆನ್ನ ಹಿಂದೆ ‘ನೋಟ್ಸಮ್ಮ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಪಾಠ ಮಾಡಿದವರಿಗೆ ಹೆಸರು ಅಂಟಿಕೊಳ್ಳದೆ ಇರುತ್ತದೆಯೇ? ನನಗೆ ಅಂಟಿದ್ದು ಇದಕ್ಕಿಂತ ಕೆಟ್ಟದು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಗಣಿತದ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಹನ್ನೊಂದು ವರ್ಷ ಅವರ ಪಕ್ಕದ ಕುರ್ಚಿ ನನ್ನದು.

ಅವರ ನೋಟ್ಸ್ ಅಂದರೆ ಅಚ್ಚುಕಟ್ಟು. ಪಾಠಕ್ಕೆ ಹದಿನೆಂಟು ಪ್ರಶ್ನೆ, ಹದಿನೆಂಟು ಉತ್ತರ, ಉತ್ತರಕ್ಕೆ ಮೂರೋ ನಾಲ್ಕೋ ಅಂಶ. ಬೋರ್ಡಿನ ಮೇಲೆ ಒಂದು ಅಕ್ಷರವೂ ಸೊಟ್ಟಗಾಗುತ್ತಿರಲಿಲ್ಲ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆಯಲ್ಲಿ ಸುರಿಯುತ್ತಿದ್ದರು. ತರಗತಿಯ ಸರಾಸರಿ ಇಪ್ಪತ್ತೈದಕ್ಕೆ ಇಪ್ಪತ್ತೊಂದರಿಂದ ಕೆಳಗಿಳಿದದ್ದೇ ಇಲ್ಲ. ಗಣಿತದಲ್ಲಿ ನನ್ನ ಸರಾಸರಿ ಹದಿನಾರು ದಾಟಿದ ದಿನ ನಾನು ಎಲ್ಲರಿಗೂ ಟೀ ಕೊಡಿಸಿದ್ದೆ. ಹಾಗಾಗಿ ಅವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಇದ್ದದ್ದು ನಿಜ.

ಈ ವರ್ಷ ಹೆಡ್‌ಮೇಡಂ ಹೊಸ ನಿಯಮ ತಂದರು. ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಹಿಂದೆಯೂ ಇತ್ತು. ಒಂದು ಬದಿಗೆ ಪಾಠದ ಭಾಗಗಳು, ಮೇಲುಗಡೆ ಯೋಚನೆಯ ಮಟ್ಟಗಳು: ಸ್ಮರಣೆ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ. ಯಾವ ಮಟ್ಟಕ್ಕೆ ಎಷ್ಟು ಅಂಕ ಎಂದು ಮನೆಗಳಲ್ಲಿ ತುಂಬಬೇಕು. ನಾವೆಲ್ಲ ಕಾಟಾಚಾರಕ್ಕೆ ತುಂಬುತ್ತಿದ್ದೆವು. ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿತ್ತು. ‘ಹೆಸರಿಸಿ’ ಅಂದರೆ ಸ್ಮರಣೆ, ‘ವಿವರಿಸಿ’ ಅಂದರೆ ಗ್ರಹಿಕೆ, ‘ಸಮರ್ಥಿಸಿ’ ಅಂದರೆ ಮೌಲ್ಯಮಾಪನ. ಪ್ರಶ್ನೆಯ ಕೊನೆಯ ಪದ ಬದಲಿಸಿದರೆ ಮನೆ ತುಂಬುತ್ತಿತ್ತು. ಈಗ ಬಂದ ಹೊಸದು ಎರಡು. ಒಂದು, ಪತ್ರಿಕೆಯನ್ನು ಇನ್ನೊಬ್ಬ ಶಿಕ್ಷಕರು ನೋಡಿ ಒಪ್ಪಬೇಕು. ಎರಡು, ಯಾರ ತರಗತಿಯ ಸರಾಸರಿ ಹದಿನೈದಕ್ಕಿಂತ ಕೆಳಗೆ ಬರುತ್ತದೋ ಅವರ ಕೈಯಿಂದ ಆ ತರಗತಿ ಹೋಗುತ್ತದೆ. ತರಗತಿ ಹೋದವರಿಗೆ ಗ್ರಂಥಾಲಯದ ಅವಧಿಗಳು, ರಜೆ ಹಾಕಿದವರ ಜಾಗ ತುಂಬುವ ಕೆಲಸ.

ಪೌರನೀತಿ ಟೀಚರಿಗೆ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಅವರ ಕೈಯಲ್ಲಿ ಉಳಿದ ದೊಡ್ಡ ತರಗತಿ ಒಂದೇ, ಒಂಬತ್ತನೆಯದು, ಮೂವತ್ತೆಂಟು ಮಕ್ಕಳು. “ಇದೊಂದು ಕ್ಲಾಸು ಇದ್ದಷ್ಟು ದಿನ ನಾನು ಟೀಚರು ಸರ್. ಆಮೇಲೆ ಬರೀ ಹಾಜರಿ,” ಎಂದು ಒಮ್ಮೆ ಹೇಳಿದ್ದರು. ಹೇಳಿದ ರೀತಿಯಲ್ಲಿ ದುಃಖಕ್ಕಿಂತ ಆಯಾಸ ಹೆಚ್ಚಿತ್ತು. ಮನೆಯಲ್ಲಿ ಮಂಡಿನೋವಿನ ಅಕ್ಕ, ಶಾಲೆಯಲ್ಲಿ ಮೂವತ್ತೆಂಟು ಮಕ್ಕಳು. ಎರಡರ ನಡುವೆ ಓಡಾಡುವುದೇ ಅವರ ಬದುಕಾಗಿತ್ತು.

ಅವರ ಪತ್ರಿಕೆ ನೋಡುವ ಕೆಲಸ ಬಿದ್ದದ್ದು ಚರಿತ್ರೆಯ ಹುಡುಗಿಗೆ. ಹುಡುಗಿ ಎನ್ನುವುದು ನಮ್ಮ ವಯಸ್ಸಿನ ಸೊಕ್ಕು. ಮೂವತ್ತರ ಹೆಂಗಸು, ನಮ್ಮ ಶಾಲೆಯಲ್ಲೇ ಓದಿದವಳು, ಇದೇ ಟೀಚರ ಶಿಷ್ಯೆ, ಈಗ ಇಲ್ಲೇ ಚರಿತ್ರೆ ಪಾಠ ಮಾಡುತ್ತಾಳೆ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಪತ್ರಿಕೆ ಹಿಡಿದು ನಮ್ಮ ಮೇಜಿನ ಹತ್ತಿರ ಬಂದು ನಿಂತಳು. ನಿಂತವಳು ಕೂರಲಿಲ್ಲ.

“ಏನಮ್ಮಾ, ಎಲ್ಲ ಸರಿ ಇದೆ ತಾನೆ? ಐದು, ಏಳು, ಐದು, ನಾಲ್ಕು, ನಾಲ್ಕು. ಕೂಡಿಸಿ ನೋಡು, ಇಪ್ಪತ್ತೈದೇ ಬರತ್ತೆ,” ಎಂದರು ಟೀಚರು. ಕೂಡಿಸಿಕೊಟ್ಟವನು ನಾನೇ.

“ಲೆಕ್ಕ ಸರಿ ಇದೆ ಟೀಚರ್.”

“ಮತ್ತೆ?”

ಅವಳು ಪತ್ರಿಕೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. “ಕೊನೇ ಪ್ರಶ್ನೆ, ಮೌಲ್ಯಮಾಪನಕ್ಕೆ ಹಾಕಿದ್ದೀರಲ್ಲ. ‘ನಗರಸಭೆಯ ಕೆಲಸದಲ್ಲಿ ನಾಗರಿಕರು ಭಾಗವಹಿಸುವುದು ಅಗತ್ಯವೇ? ಸಮರ್ಥಿಸಿ’ ಅಂತ.”

“ಹೌದು. ಅಭಿಪ್ರಾಯ ಹೇಳಿ ಸಮರ್ಥಿಸಬೇಕು. ಅದು ಮೌಲ್ಯಮಾಪನ ಅಲ್ವಾ?”

ಆಗ ಅವಳು ಮೇಜಿನ ಅಂಚು ಹಿಡಿದುಕೊಂಡು ಒಂದೇ ಉಸಿರಿಗೆ ಹೇಳಿದಳು: “ಅಗತ್ಯ. ಒಂದು, ನಾಗರಿಕರ ಭಾಗವಹಿಸುವಿಕೆಯಿಂದ ಆಡಳಿತ ಪಾರದರ್ಶಕವಾಗುತ್ತದೆ. ಎರಡು, ಸ್ಥಳೀಯ ಸಮಸ್ಯೆಗಳು ಬೇಗನೆ ಬೆಳಕಿಗೆ ಬರುತ್ತವೆ. ಮೂರು, ಜನಪ್ರತಿನಿಧಿಗಳು ಉತ್ತರದಾಯಿಗಳಾಗುತ್ತಾರೆ. ನಾಲ್ಕು, ಪ್ರಜೆಗಳಲ್ಲಿ ಜವಾಬ್ದಾರಿಯ ಪ್ರಜ್ಞೆ ಬೆಳೆಯುತ್ತದೆ.” ಹದಿನಾರು ವರ್ಷದ ಹಿಂದೆ ಬರೆದುಕೊಂಡದ್ದು, ಒಂದು ಪದವೂ ಜಾರಲಿಲ್ಲ.

ನನಗೆ ನಗು ಬಂತು. ಟೀಚರ ಮುಖ ನೋಡಿ ನುಂಗಿಕೊಂಡೆ.

“ಇದನ್ನ ಹೇಳೋವಾಗ ನಾನೇನೂ ಯೋಚನೆ ಮಾಡ್ಲಿಲ್ಲ ಟೀಚರ್. ಆಗಲೂ ಮಾಡಿರ್ಲಿಲ್ಲ. ಬರೀ ನೆನಪು,” ಎಂದಳು ಅವಳು ಮೆತ್ತಗೆ. “ಪ್ರಶ್ನೇಲಿ ‘ಸಮರ್ಥಿಸಿ’ ಅಂತ ಇದ್ರೂ ಉತ್ತರ ನೋಟ್ಸಲ್ಲಿ ಇದ್ರೆ ಅದು ಸ್ಮರಣೆನೇ. ನೋಟ್ಸ್ ಇಟ್ಕೊಂಡು ಒಂದೊಂದೇ ನೋಡ್ದೆ. ಇಪ್ಪತ್ತೈದರಲ್ಲಿ ಇಪ್ಪತ್ಮೂರು ಅಂಕ ಸ್ಮರಣೆಗೆ ಹೋಗತ್ತೆ. ಇದಕ್ಕೆ ನಾನು ಸಹಿ ಹಾಕಿದ್ರೆ ಸುಳ್ಳಾಗತ್ತೆ.”

ಟೀಚರು ಪತ್ರಿಕೆಯನ್ನು ಕೈಗೆ ತೆಗೆದುಕೊಂಡರು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ನೋಟ್ಸಿನ ಪುಟದ ಸಂಖ್ಯೆ ಬರೆದಿತ್ತು. ಅವರು ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಅವರ ಜಾಗದಲ್ಲಿ ನಾನಿದ್ದರೆ ಮೇಜು ಗುದ್ದಿರುತ್ತಿದ್ದೆ. ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಳ್ಳುತ್ತಾ ಕೂತರು. “ಹಾಗಾದ್ರೆ ಸ್ಮರಣೆ ಪ್ರಶ್ನೆ ಕೇಳ್ಲೇಬಾರ್ದಾ?” ಎಂದರು ಕೊನೆಗೆ.

“ಬೇಕು ಟೀಚರ್. ನಗರಸಭೆ ಕೆಲಸ ಏನು ಅಂತಾನೇ ಗೊತ್ತಿಲ್ಲದೆ ಅದು ಸರಿ ಮಾಡ್ತೋ ತಪ್ಪು ಮಾಡ್ತೋ ಅಂತ ಮಗು ಹೇಗೆ ಹೇಳತ್ತೆ? ಐದು ಅಂಕ ಇರ್ಲಿ. ಆದ್ರೆ ಮಿಕ್ಕಿದ್ದು ಅವರು ನೋಡಿರದ ಸಂದರ್ಭದ ಮೇಲೆ ಇರ್ಬೇಕು.”

ಅವಳು ಹೋದ ಮೇಲೆ ಟೀಚರು ನನ್ನ ಕಡೆ ತಿರುಗಿದರು. “ನಾನು ಮಕ್ಕಳಿಗೆ ಅಭಿಪ್ರಾಯಾನೂ ಡಿಕ್ಟೇಶನ್ ಕೊಟ್ಟಿದ್ದೀನಿ ಸರ್,” ಎಂದರು. ನಾನು ಏನೋ ಸಮಾಧಾನ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ, ಪ್ರಯೋಜನದ ಮಾತಂತೂ ಆಗಿರಲಿಲ್ಲ.

ಹೊಸ ಪತ್ರಿಕೆಗೆ ಮೂರು ದಿನ ಹಿಡಿಯಿತು. ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಸ್ಮರಣೆಯ ಐದು ಅಂಕ ಹಾಗೇ ಉಳಿಯಿತು. ಗ್ರಹಿಕೆಗೆ ‘ವಾರ್ಡು ಸಭೆ ಅಂದರೇನು ಎಂದು ಅದನ್ನು ಎಂದೂ ನೋಡದ ನಿಮ್ಮ ತಂಗಿಗೆ ಹೇಳುವ ಹಾಗೆ ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂಬಂಥವು ಬಂದವು. ಅನ್ವಯಕ್ಕೆ, ಎರಡು ವಾರದಿಂದ ಕಸ ಎತ್ತದ ಬೀದಿಯೊಂದರ ವಿವರ ಕೊಟ್ಟು, ಯಾರಿಗೆ ಅರ್ಜಿ ಹಾಕಬೇಕು, ಅರ್ಜಿಯಲ್ಲಿ ಏನೇನು ಇರಬೇಕು ಎಂದು ಕೇಳಿದರು. ವಿಶ್ಲೇಷಣೆಯದು ನನಗೆ ಬಹಳ ಹಿಡಿಸಿತು. ಒಬ್ಬ ಸದಸ್ಯರು ಹೇಳುತ್ತಾರೆ, ‘ಈ ತಿಂಗಳು ನನ್ನ ವಾರ್ಡಿನಿಂದ ಒಂದೂ ದೂರು ಬಂದಿಲ್ಲ, ಆದ್ದರಿಂದ ಜನ ನೆಮ್ಮದಿಯಾಗಿದ್ದಾರೆ.’ ಈ ತೀರ್ಮಾನಕ್ಕೆ ಬರಲು ಅವರು ಹೇಳದೆಯೇ ನಂಬಿಕೊಂಡ ಎರಡು ಸಂಗತಿ ಯಾವುವು? ನಾನು ಪೆನ್ನು ಹಿಡಿದು ಕೂತೆ. ಒಂದು ಹೊಳೆಯಿತು, ದೂರು ಕೊಡುವ ದಾರಿ ಎಲ್ಲರಿಗೂ ಗೊತ್ತಿದೆ ಎಂಬುದು. ದೂರು ಕೊಟ್ಟರೆ ಕೆಲಸ ಆಗುತ್ತದೆಂದು ಜನ ನಂಬಿದ್ದಾರೆ ಎಂಬ ಎರಡನೆಯದನ್ನು ಅವರೇ ಹೇಳಿಕೊಡಬೇಕಾಯಿತು.

ಮೌಲ್ಯಮಾಪನದ ಪ್ರಶ್ನೆಯೇ ಅವರನ್ನು ಹಣ್ಣು ಮಾಡಿದ್ದು. ಮೊದಲು ಹೀಗೆ ಬರೆದರು: ನಗರಸಭೆಯ ಬಳಿ ಈ ವರ್ಷ ಒಂದೇ ಕೆಲಸಕ್ಕೆ ಆಳುಗಳಿದ್ದಾರೆ. ಮೂರನೇ ವಾರ್ಡಿನ ಶಾಲೆಯ ಮುಂದಿನ ತೆರೆದ ಚರಂಡಿ ಮುಚ್ಚಬೇಕೋ, ಏಳನೇ ವಾರ್ಡಿನ ಕತ್ತಲ ಓಣಿಗೆ ದೀಪ ಹಾಕಬೇಕೋ? ನಿರ್ಧರಿಸಿ, ಕಾರಣ ಕೊಡಿ. ಅದನ್ನು ಮನೆಗೆ ಒಯ್ದು ಸಂಜೆ ಅಕ್ಕನಿಗೆ ಓದಿ ಹೇಳಿದರಂತೆ. ಅಕ್ಕ ಐದನೇ ತರಗತಿಗೆ ಶಾಲೆ ಬಿಟ್ಟವರು.

“ಅಕ್ಕ ಏನು ಹೇಳಿದ್ಲು ಗೊತ್ತಾ ಸರ್? ‘ಸುಮ್ನೆ ಯಾವ್ದು ಬೇಕು ಅಂದ್ರೆ ನಾನೇನು ಕಣಿ ಹೇಳೋಳಾ? ಚರಂಡಿಗೆ ಯಾರಾದ್ರೂ ಬಿದ್ದಿದ್ದಾರಾ? ಓಣಿ ಜನಕ್ಕೆ ಬೇರೆ ದಾರಿ ಇದ್ಯಾ? ಅದನ್ನ ಹೇಳು’ ಅಂದ್ಲು.”

ಹೀಗೆ ಪ್ರಶ್ನೆಯೊಳಗೆ ಮಾಹಿತಿ ಬಂತು. ಹೋದ ವರ್ಷ ಇಬ್ಬರು ಮಕ್ಕಳು ಚರಂಡಿಗೆ ಬಿದ್ದಿದ್ದಾರೆ. ಓಣಿಯಲ್ಲಿ ದಿನಾ ಇನ್ನೂರು ಜನ ಕತ್ತಲಾದ ಮೇಲೆ ಕೆಲಸದಿಂದ ಬರುತ್ತಾರೆ. ಅವರಿಗೆ ದೀಪವಿರುವ ಇನ್ನೊಂದು ದಾರಿ ಇದೆ, ಆದರೆ ಇಪ್ಪತ್ತು ನಿಮಿಷ ಸುತ್ತು. ಅದೆಲ್ಲ ಕೇಳಿದ ಮೇಲೆ ಅಕ್ಕ ಚರಂಡಿಯೇ ಮೊದಲು ಎಂದರಂತೆ. ದೊಡ್ಡವರು ಸುತ್ತಿಕೊಂಡಾದರೂ ಬರಬಹುದು, ಸಣ್ಣ ಮಕ್ಕಳಿಗೆ ಎಚ್ಚರ ಎಲ್ಲಿರುತ್ತದೆ, ಯಾರ ಕೈಯಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲವೋ ಅವರ ಕೆಲಸ ಮೊದಲು ಎಂದು. ಆಮೇಲೆ, “ಆದ್ರೂ ದೀಪ ಕೇಳೋರ್ದೂ ತಪ್ಪಲ್ಲ ಬಿಡು, ದುಡ್ಕೊಂಡು ಬಂದೋರು ಇಪ್ಪತ್ತು ನಿಮಿಷ ಯಾಕೆ ಸುತ್ತಬೇಕು,” ಎಂದೂ ಸೇರಿಸಿದರಂತೆ.

ಅಂಕ ಹಂಚಿದ್ದು ಅಕ್ಕನ ಉತ್ತರ ಇಟ್ಟುಕೊಂಡೇ. ಚರಂಡಿ ಎಂದರೂ ಸರಿ, ದೀಪ ಎಂದರೂ ಸರಿ, ಅದಕ್ಕೆ ಅಂಕವಿಲ್ಲ. ಯಾವ ಅಳತೆಯಿಂದ ತೂಗಿದೆ ಎಂದು ಹೇಳಿದರೆ ಒಂದು, ಕೊಟ್ಟ ಮಾಹಿತಿಯಿಂದ ಎರಡು ಸಂಗತಿ ಬಳಸಿದರೆ ಎರಡು, ಎದುರು ಪಕ್ಷದ ಮಾತಿಗೆ ಉತ್ತರ ಕೊಟ್ಟರೆ ಒಂದು. “ಅಕ್ಕನಿಗೆ ನಾಲ್ಕಕ್ಕೆ ನಾಲ್ಕು,” ಎಂದರು ಟೀಚರು. ಆ ವಾರದಲ್ಲಿ ಅವರು ನಕ್ಕದ್ದು ಅದೊಂದೇ ಸಲ. ಈ ಪ್ರಶ್ನೆಗೆ ಹತ್ತು ನಿಮಿಷ ಬೇಕು ಎಂದು ಲೆಕ್ಕ ಹಾಕಿ, ಮೇಲಿನ ಎರಡು ಸಣ್ಣ ಪ್ರಶ್ನೆಗಳನ್ನು ಒಂದು ಮಾಡಿದೆವು. ಚರಿತ್ರೆಯ ಹುಡುಗಿ ಸಹಿ ಹಾಕಿದಳು.

ಪರೀಕ್ಷೆಯ ಹಿಂದಿನ ದಿನ ಪುನರಾವರ್ತನೆಯ ಅವಧಿ. ನನ್ನ ತರಗತಿಗೂ ಅವರ ತರಗತಿಗೂ ನಡುವೆ ಇರುವುದು ಹಲಗೆಯ ಗೋಡೆ, ಆ ಕಡೆ ಸೀನಿದರೆ ಈ ಕಡೆ ಕೇಳುತ್ತದೆ. ನನ್ನ ಮಕ್ಕಳಿಗೆ ಲೆಕ್ಕ ಕೊಟ್ಟು ನಾನು ಸುಮ್ಮನೆ ಕೂತಿದ್ದೆ.

“ಟೀಚರ್, ಇಂಪಾರ್ಟೆಂಟ್ ಹೇಳಿ,” ಎಂದಿತು ಒಂದು ದನಿ. ಇನ್ನೊಂದು ದನಿ, “ನಾಲ್ಕು ಮಾರ್ಕ್ಸಿಂದು ಬರೆಸಿಬಿಡಿ ಟೀಚರ್, ರಾತ್ರಿ ಓದ್ಕೋತೀವಿ.”

ನಾನು ಕಿವಿ ನೆಟ್ಟಗೆ ಮಾಡಿಕೊಂಡೆ. ಪತ್ರಿಕೆ ಅವರ ತಲೆಯಲ್ಲಿತ್ತು. ಚರಂಡಿ, ದೀಪ, ನಾಲ್ಕು ಅಂಶ. ಎಂಟು ನಿಮಿಷ ಬರೆಸಿದ್ದರೆ ಸರಾಸರಿ ಏರುತ್ತಿತ್ತು, ತರಗತಿ ಉಳಿಯುತ್ತಿತ್ತು, ನೀಲನಕ್ಷೆಯೂ ನೋಡುವವರ ಕಣ್ಣಿಗೆ ಚೆಂದವಾಗಿಯೇ ಇರುತ್ತಿತ್ತು. ಬರೆಸಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ.

“ಇವತ್ತು ಬರೆಸಲ್ಲ. ಜಗಳ ಆಡೋಣ,” ಎಂದರು ಅವರು. “ನಮ್ಮ ಸ್ಕೂಲ್ ಹಿಂದಿನ ಖಾಲಿ ಜಾಗ ಇದೆಯಲ್ಲ, ಅದನ್ನ ಆಟಕ್ಕೆ ಬಿಡ್ಬೇಕಾ, ಸೈಕಲ್ ನಿಲ್ಲಿಸೋಕೆ ಕೊಡ್ಬೇಕಾ? ಹೇಳಿ.”

ಟೀಚರು ಮತ್ತೆ ಕೇಳಿದರು. ಒಂದಿಬ್ಬರು ‘ಆಟಕ್ಕೆ’ ಎಂದರು. ಯಾಕೆ ಎಂದರೆ ನೋಟ್ಸ್ ತಿರುವುವ ಸದ್ದು. ಅವರು ಯಾವ ಅಳತೆಯಿಂದ ನೋಡುತ್ತೀರಿ, ಎಷ್ಟು ಮಕ್ಕಳಿಗೆ ಉಪಯೋಗ, ಬೇರೆ ಜಾಗ ಇದೆಯೇ, ಸೈಕಲ್ ತರುವವರು ಏನು ಹೇಳುತ್ತಾರೆ ಎಂದು ಒಂದೊಂದಾಗಿ ಎಳೆದರು. ಕಲ್ಲಿನಿಂದ ನೀರು ಹಿಂಡಿದ ಹಾಗೆ ನಾಲ್ಕೈದು ಮಾತು ಬಂದವು. ಗಂಟೆ ಹೊಡೆಯುವ ಹೊತ್ತಿಗೆ ಒಬ್ಬಳು ಹುಡುಗಿ ಪಾಪದ ದನಿಯಲ್ಲಿ ಕೇಳಿದಳು, “ಟೀಚರ್, ಇದರಲ್ಲಿ ಸರಿ ಉತ್ತರ ಯಾವ್ದು? ಅದನ್ನ ಹೇಳಿ, ಬರ್ಕೋತೀವಿ.”

ಫಲಿತಾಂಶ ಬಂದಾಗ ಸರಾಸರಿ ಹನ್ನೆರಡೂವರೆಯ ಆಸುಪಾಸು. ಮಟ್ಟದ ಪ್ರಕಾರ ಬಿಡಿಸಿ ಕೊಟ್ಟವನು ನಾನೇ. ಸ್ಮರಣೆ ಐದಕ್ಕೆ ನಾಲ್ಕೂವರೆ. ಗ್ರಹಿಕೆ ಏಳಕ್ಕೆ ಐದರ ಹತ್ತಿರ. ಅನ್ವಯ ಐದಕ್ಕೆ ಎರಡು. ಅಲ್ಲಿಂದ ಮುಂದೆ ಮೆಟ್ಟಿಲು ಮುರಿದಿತ್ತು. ವಿಶ್ಲೇಷಣೆಯಲ್ಲಿ ಸರಾಸರಿ ಒಂದು ಅಂಕವೂ ತುಂಬಿರಲಿಲ್ಲ, ಮೌಲ್ಯಮಾಪನದಲ್ಲಿ ಅದಕ್ಕಿಂತ ಕಡಿಮೆ.

ಟೀಚರನ್ನು ಕುಗ್ಗಿಸಿದ್ದು ಸರಾಸರಿಯಲ್ಲ. ಅವರು ಉತ್ತರಪತ್ರಿಕೆಗಳನ್ನು ನನ್ನ ಮುಂದಿಟ್ಟು ಕೊನೆಯ ಪುಟ ಮಾತ್ರ ತಿರುವಿ ತೋರಿಸಿದರು. ‘ನಾಗರಿಕರ ಭಾಗವಹಿಸುವಿಕೆಯಿಂದ ಆಡಳಿತ ಪಾರದರ್ಶಕವಾಗುತ್ತದೆ.’ ಇನ್ನೊಂದು ತಿರುವಿದರು, ಅದರಲ್ಲೂ ಅದೇ. ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಚರಂಡಿಯ ಪ್ರಶ್ನೆಗೆ ನೋಟ್ಸಿನ ನಾಲ್ಕು ಅಂಶಗಳನ್ನು ಅಚ್ಚುಕಟ್ಟಾಗಿ ಸಂಖ್ಯೆ ಹಾಕಿ ಬರೆದಿದ್ದರು. ಚರಂಡಿಗೆ ಬಿದ್ದ ಇಬ್ಬರು ಮಕ್ಕಳ ಸುದ್ದಿಯೇ ಇಲ್ಲ. ಪ್ರಶ್ನೆ ಏನೆಂದು ಓದಿಯೇ ಇಲ್ಲವೋ ಏನೋ. ಕೇಳಿದವರು ನೋಟ್ಸಮ್ಮ ತಾನೆ, ಉತ್ತರ ನೋಟ್ಸಿನಲ್ಲೇ ಇರಬೇಕು ಎಂಬ ನಂಬಿಕೆ.

“ನನ್ನ ಮೇಲೆ ಎಷ್ಟು ನಂಬಿಕೆ ನೋಡಿ ಸರ್,” ಎಂದರು. ಕಣ್ಣಲ್ಲಿ ನೀರಿತ್ತು.

ಹೆಡ್‌ಮೇಡಂ ಕೆಟ್ಟವರಲ್ಲ. ಟೀಚರನ್ನು ಕರೆಸಿದರು, ಅಂಕಪಟ್ಟಿ ತರಲು ನನ್ನನ್ನೂ ಕರೆದಿದ್ದರು. “ನಿಮ್ಮ ವಯಸ್ಸಿಗೆ ಇದೆಲ್ಲ ಬೇಡಿತ್ತು,” ಎಂದರು. “ಒಂದು ದಾರಿ ಇದೆ. ಪ್ರಶ್ನೆಗಳು ಪರಿಚಯ ಇಲ್ಲದ್ದು ಅಂತ ಮರುಪರೀಕ್ಷೆ ಮಾಡ್ಬಹುದು. ನಿಮ್ಮ ಹಳೇ ಪೇಪರ್ ಇದೆಯಲ್ಲ, ಅದನ್ನೇ ಕೊಡಿ. ನಾನೇ ಒಪ್ಪಿಗೆ ಹಾಕ್ತೀನಿ. ಕ್ಲಾಸು ನಿಮ್ಮ ಹತ್ರಾನೇ ಇರತ್ತೆ.”

ನಾನು ಮೇಜಿನ ಕೆಳಗೆ ಕಾಲಿನಿಂದ ಟೀಚರ ಕುರ್ಚಿಯನ್ನು ತಟ್ಟಿದೆ. ಒಪ್ಪಿಕೊಳ್ಳಿ ಎಂದು.

“ಹಳೇ ಪೇಪರ್ ಕೊಟ್ರೆ ಇಪ್ಪತ್ತೊಂದು ಬರತ್ತೆ ಮೇಡಂ,” ಎಂದರು ಅವರು. “ಪಟ್ಟೀಲಿ ಮೌಲ್ಯಮಾಪನದ ಕೆಳಗೆ ಎಲ್ಲರಿಗೂ ನಾಲ್ಕಕ್ಕೆ ಮೂರು, ಮೂರೂವರೆ ಅಂತ ಬರತ್ತೆ. ಮುಂದಿನ ವರ್ಷ ಆ ಪಟ್ಟಿ ನೋಡಿದೋರು, ಈ ಮಕ್ಕಳಿಗೆ ಇದು ಬರತ್ತೆ ಅಂದ್ಕೊಂಡು ಬಿಟ್ಬಿಡ್ತಾರೆ. ಯಾರೂ ಕಲಿಸಲ್ಲ. ಇಷ್ಟು ವರ್ಷ ನಾನು ಮಾಡಿದ್ದು ಅದೇ. ಬೇಡ ಮೇಡಂ.”

“ಹಾಗಾದ್ರೆ ನಿಯಮ ನಿಮಗೂ ಅನ್ವಯಿಸತ್ತೆ.”

“ಗೊತ್ತು.”

ಒಂಬತ್ತನೇ ತರಗತಿ ಚರಿತ್ರೆಯ ಹುಡುಗಿಗೆ ಹೋಯಿತು. ವೇಳಾಪಟ್ಟಿ ಬದಲಾದ ದಿನ ಅವಳು ನಮ್ಮ ಮೇಜಿನ ಹತ್ತಿರ ಬಂದಳು. ಮುಖ ಸಪ್ಪಗಿತ್ತು. ಕ್ಷಮೆ ಕೇಳಬೇಕೆಂದಿದ್ದಳೇನೋ, ಬಾಯಿಗೆ ಬಂದದ್ದು ಮಾತ್ರ, “ಟೀಚರ್, ನಿಮ್ಮ ನೋಟ್ಸ್ ಕೊಡ್ತೀರಾ? ಶುರು ಮಾಡೋಕೆ ಅನುಕೂಲ ಆಗತ್ತೆ,” ಎಂದು.

“ನೋಟ್ಸ್ ಕೊಡಲ್ಲ ಮಗೂ. ಸುಸ್ತಾದ ದಿನ ನೀನೂ ಅದನ್ನೇ ಬರೆಸ್ತೀಯ,” ಎಂದರು ಟೀಚರು. ಡ್ರಾಯರಿನಿಂದ ಆ ಮೂವತ್ತೆಂಟು ಉತ್ತರಪತ್ರಿಕೆಗಳ ಕಟ್ಟು ತೆಗೆದುಕೊಟ್ಟರು. ಸ್ವಂತ ಬುದ್ಧಿಯಿಂದ ಬರೆದ ಒಂಬತ್ತು ಮೇಲೆ, ಉಳಿದವು ಕೆಳಗೆ, ನಡುವೆ ಒಂದು ಚೀಟಿ. “ಕೆಳಗಿರೋರಿಗೆ ಬೈಬೇಡ. ಅವರು ಹೇಳಿಕೊಟ್ಟಿದ್ದನ್ನ ಸರಿಯಾಗೇ ಕಲಿತಿದ್ದಾರೆ.” ಹೀಗೆಂದು ಗ್ರಂಥಾಲಯದ ಬೀಗದ ಕೈ ತೆಗೆದುಕೊಂಡು ಹೋದರು. ಅವರ ನಡಿಗೆ ನಿಧಾನವಾಗಿತ್ತು, ಆ ಹೊತ್ತಿನಲ್ಲಿ ಅವರು ಹೋಗಬೇಕಾದ ತರಗತಿ ಯಾವುದೂ ಇರಲಿಲ್ಲ.

ಅವರ ಕುರ್ಚಿ ಖಾಲಿಯಾದ ಮೇಲೆ ನಾನು ಮುಂದಿನ ಘಟಕ ಪರೀಕ್ಷೆಗೆ ಬರೆದಿಟ್ಟ ನನ್ನ ಗಣಿತದ ಪತ್ರಿಕೆಯನ್ನು ತೆಗೆದೆ. ಮಾರನೆಯ ದಿನ ಒಪ್ಪಿಗೆಗೆ ಕೊಡಬೇಕಿತ್ತು. ಅನ್ವಯದ ಕೆಳಗೆ ಆರು ಅಂಕ, ಮೂರು ಲೆಕ್ಕ. ಮೂರನ್ನೂ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೆ, ಸಂಖ್ಯೆ ಮಾತ್ರ ಬೇರೆ. ವಿಶ್ಲೇಷಣೆಯ ಕೆಳಗಿದ್ದ ಲೆಕ್ಕವನ್ನು ಎರಡು ಸಲ ಮಾಡಿಸಿದ್ದೆ. ಬಹಳ ಹೊತ್ತು ಅದನ್ನು ನೋಡುತ್ತಾ ಕೂತೆ. ನನಗೆ ಇನ್ನೂ ಆರು ವರ್ಷ ಸರ್ವಿಸ್ ಇದೆ. ಯಾವ ಪ್ರಶ್ನೆಯನ್ನೂ ಬದಲಿಸದೆ ಪತ್ರಿಕೆಯನ್ನು ಲಕೋಟೆಗೆ ಹಾಕಿ ಅಂಟಿಸಿದೆ.